ಕಳ್ಳನ ಕಲ್ಲಿನ ನಾಲ್ಕು ಚುಕ್ಕಿ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುತ್ತದೆ. ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುವುದುಂಟು. ಆದರೆ ಶಾಸನದ ಕಲ್ಲಿಗೆ ಯಾರಾದರೂ ಬಣ್ಣ ಬಳಿದದ್ದು ಕಂಡರೆ ಬಂದ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಅಕ್ಷರ ಕಾಣಲಿ ಎಂದು ಬಳಿದೆವು ಎನ್ನುತ್ತಾರೆ. ಅವರು ಬಳಿದ ಮೇಲೆ ಕಾಣುವುದು ಅವರ ಅಕ್ಷರ, ಕಲ್ಲಿನದಲ್ಲ.

ನಂಜನಗೂಡಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ಕೆಲಸದಲ್ಲಿದ್ದಾಗಲೇ ಶಾಸನ ಓದುವ ಡಿಪ್ಲೊಮಾ ಮಾಡಿಕೊಂಡಿದ್ದೆ. ಮಂಡಿ ಸರಿಯಿದ್ದಾಗ ಊರೂರು ತಿರುಗಿ ಓದುತ್ತಿದ್ದೆ. ಈಗ ಮಂಡಿ ಕೈಕೊಟ್ಟಿದೆ. ಹಾಗಾಗಿ ಕಲ್ಲುಗಳೇ ಫೋಟೋ ಆಗಿ ನಮ್ಮ ಮನೆಗೆ ಬರುತ್ತವೆ, ವಾಟ್ಸಾಪಿನಲ್ಲಿ.

ಈ ಕಲ್ಲೂ ಹಾಗೇ ಬಂತು. ಕಳಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ ಒಳಗೆ ಸಿಗುವ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು, ಈಗ ಅಲ್ಲಿನ ಹಾಲಿನ ಡೇರಿಯ ಸೆಕ್ರೆಟರಿ. ಫೋಟೋ ತೆರೆದು ನೋಡಿದೆ. ನಡುಮಧ್ಯೆ ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಹಸಿರು ಶಾಲು, ಗಂಭೀರ ಮುಖದ ಹಿರಿಯರೊಬ್ಬರು ನಿಂತಿದ್ದರು. ಅವರ ಎಡಗೈ ಪಕ್ಕದಲ್ಲಿ ಕಲ್ಲಿನ ಒಂದು ಅಂಚು ಕಾಣುತ್ತಿತ್ತು.

ನಾನು ಫೋನು ಮಾಡಿದೆ. "ಯಾರಮ್ಮ ಇವರು?"

"ನಮ್ಮ ಮಾವ, ಮಿಸ್."

"ನಿಮ್ಮ ಮಾವನ್ನ ಓದೋದು ನನಗೆ ಬರಲ್ಲ. ಅವರನ್ನ ಪಕ್ಕಕ್ಕೆ ನಿಲ್ಲಿಸಿ ಕಲ್ಲಿನ ಫೋಟೋ ತೆಗಿ."

ಫೋನು ಸ್ಪೀಕರಿನಲ್ಲಿ ಇತ್ತೆಂದು ಆಮೇಲೆ ಗೊತ್ತಾಯಿತು. ಹಿಂದಿನಿಂದ ಗಂಡು ದನಿಯೊಂದು ನಕ್ಕಿತು. "ನಾ ಏಳ್ನಿಲ್ವಾ, ನಾನ್ಯಾಕೆ ನಿಂತ್ಕೋಬೇಕು ಅಂತ? ಕಲ್ಲೊಂದೇ ಬೋಳುಬೋಳಾಗಿರ್ತದೆ ಅಂತ ನೀನೇ ನಿಲ್ಸ್ದೆ ಕಣವ್ವ." ಗೌಡರಿಗೂ ನನಗೂ ಪರಿಚಯವಾದದ್ದು ಹೀಗೆ.

ವಿಷಯ ಏನೆಂದು ಅವರೇ ಹೇಳಿದರು. ಅವರ ಗದ್ದೆಯ ಬದುವಿನಲ್ಲಿ ಒಂದು ವೀರಗಲ್ಲಿದೆ. ಪ್ರತಿ ಅಮಾವಾಸ್ಯೆಗೆ ಅವರ ಮನೆಯವರೇ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಾರೆ. ಅದು ತಮ್ಮ ಹಿರೀಕನ ಕಲ್ಲು ಎಂಬ ನಂಬಿಕೆ. ಅವರ ಅಪ್ಪನ ಕಾಲದಲ್ಲಿ ಊರಿನ ಶಾಲೆಗೆ ಬಂದಿದ್ದ ಮೇಷ್ಟರೊಬ್ಬರು ಹಳೆಯ ಅಕ್ಷರಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಕಲ್ಲನ್ನು ಓದಿದರು. ಓದಿದ ಅಕ್ಷರಗಳಿಗೆಲ್ಲ ಬಿಳಿ ಪೇಂಟು ತುಂಬಿದರು. ಪಕ್ಕದಲ್ಲಿ ತಗಡಿನ ಬೋರ್ಡು ಬರೆಸಿ ನೆಟ್ಟರು: 'ಗಾವುಂಡನ ಮಗ ಕಳ್ಳ ಕಾದಿ ಸತ್ತ.' ಅಂದರೆ, ಗೌಡನ ಮಗ ಕಳ್ಳ, ಹೊಡೆದಾಡಿ ಸತ್ತ.

ಅವತ್ತಿನಿಂದ ಅದು ಕಳ್ಳನ ಕಲ್ಲು. ಕಲ್ಲಿಗೆ ಪೂಜೆ ಮಾಡುವ ಮನೆ ಕಳ್ಳನ ಮನೆ.

"ಬೋರ್ಡು ತುಕ್ಕಿಡ್ದು ಬಿದ್ದೋಯ್ತು ಮೇಡಮ್ನೋರೆ. ಎಸ್ರು ಬೀಳ್ನಿಲ್ಲ," ಎಂದರು ಗೌಡರು. "ನಾ ಮದ್ವೆ ಆಗೋವಾಗ ಎಣ್ಣಿನ್ ಕಡೆಯೋರು ಕೇಳುದ್ರಂತೆ, ಕಳ್ಳನ ಮನೆ ಅಂದ್ರೆ ಯಾಕೆ ಅಂತ. ಈಗ ನನ್ ಮೊಮ್ಮಗಳ್ಗೆ ಇಸ್ಕೂಲಲ್ಲಿ ರೇಗಿಸ್ತಾವೆ. ಯಾರ್ದಾದ್ರೂ ರಬ್ಬರ್ ಕಾಣ್ದಿದ್ರೆ ಮೊದ್ಲು ಇವ್ಳ ಬ್ಯಾಗ್ ನೋಡ್ತಾರೆ."

ಇಷ್ಟು ದಿನ ಸುಮ್ಮನಿದ್ದವರು ಈಗ ಯಾಕೆ ಅವಸರಪಟ್ಟರೆಂದರೆ, ಊರಿನ ದೇವಸ್ಥಾನ ಜೀರ್ಣೋದ್ಧಾರವಾಗಿ ಸ್ಮರಣ ಸಂಚಿಕೆ ತರುತ್ತಿದ್ದರು. ಅದರಲ್ಲಿ ಊರಿನ ಇತಿಹಾಸ ಎಂದು ಒಂದು ಪುಟ. ಆ ಪುಟಕ್ಕೆ ಕಮಿಟಿಯವರು ಹಳೆಯ ಬೋರ್ಡಿನ ಸಾಲನ್ನೇ ಹಾಕಲು ಹೊರಟಿದ್ದರು. ಬೇರೆ ಓದು ತಂದುಕೊಟ್ಟರೆ ಅದನ್ನು ಹಾಕುತ್ತೇವೆ ಎಂದು ಗೌಡರಿಗೆ ಮಾತು ಕೊಟ್ಟಿದ್ದರು. ಬಾಯಿಮಾತಾದರೆ ಗಾಳಿಗೆ ಹೋಗುತ್ತದೆ, ಅಚ್ಚಾಗಿ ಮನೆಮನೆಗೆ ಹೋದರೆ ಮುಗಿಯಿತು ಎಂದು ಗೌಡರಿಗೆ ನಿದ್ದೆ ಬರುತ್ತಿರಲಿಲ್ಲ.

"ನಮ್ಮೋನು ಕಳ್ಳ ಅಲ್ಲ ಅಂತ ಬರ್ಕೊಟ್ಬುಡಿ," ಎಂದರು.

"ಕಲ್ಲು ಏನು ಹೇಳುತ್ತೋ ಅದನ್ನ ಬರೆದುಕೊಡ್ತೀನಿ. ಕಳ್ಳ ಅಂತಲೇ ಇದ್ದರೆ ಕಳ್ಳ ಅಂತಲೇ ಬರೀತೀನಿ," ಎಂದೆ. ಗೌಡರು "ಆಗ್ಲಿ ಬುಡಿ" ಎಂದರು. ನನಗೆ ಆ ಮನುಷ್ಯ ಅಲ್ಲೇ ಹಿಡಿಸಿಬಿಟ್ಟರು.

ಎರಡನೆಯ ಫೋಟೋದಲ್ಲಿ ಕಲ್ಲು ಪೂರ್ತಿ ಕಂಡಿತು. ಮೇಲೆ ಲಿಂಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಕೆಳಗೆ ಬಿಲ್ಲು ಹಿಡಿದು ನಿಂತ ವೀರ, ಅವನ ಬೆನ್ನ ಹಿಂದೆ ದನಗಳು. ಶಿಲ್ಪಗಳ ಮಧ್ಯದ ಪಟ್ಟಿಯಲ್ಲಿ ಐದು ಸಾಲು ಬರಹ. ಆದರೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದದ್ದರಿಂದ ಕಾಣುತ್ತಿದ್ದುದು ಬಿಳಿ ಪೇಂಟು ಮಾತ್ರ. ಮೇಷ್ಟರು ತಮಗೆ ಗೊತ್ತಾದ ಅಕ್ಷರಕ್ಕೆ ಬಣ್ಣ ತುಂಬಿ, ಗೊತ್ತಾಗದ್ದನ್ನು ಬಿಟ್ಟಿದ್ದರು. ಬಿಟ್ಟ ಜಾಗಕ್ಕೆ ಬೋರ್ಡಿನಲ್ಲಿ ಒಂದು ಚುಕ್ಕಿಯನ್ನೂ ಇಟ್ಟಿರಲಿಲ್ಲ. ಅಲ್ಲೊಂದು ಇಲ್ಲೊಂದು ಇದ್ದ ಪದಗಳನ್ನು ತಂದು ಒಂದರ ಪಕ್ಕ ಒಂದು ಕೂರಿಸಿ ವಾಕ್ಯ ಮಾಡಿಬಿಟ್ಟಿದ್ದರು. ನನಗೆ ಬಂದ ಸಿಟ್ಟಿಗೆ ಮೇಷ್ಟರು ಎದುರಿಗಿದ್ದಿದ್ದರೆ ಏನಾಗುತ್ತಿತ್ತೋ.

ಶಾಸನ ಓದುವವರಿಗೆ ಮೊದಲು ಕಲಿಸುವ ಪಾಠವೇ ಇದು. ಸ್ಪಷ್ಟವಾಗಿ ಕಂಡ ಅಕ್ಷರವನ್ನು ಹಾಗೇ ಬರೆ. ಅರ್ಧ ಸವೆದು, ಉಳಿದ ಗೀರಿನಿಂದ ಇದೇ ಇರಬೇಕು ಎನಿಸಿದ್ದನ್ನು ಚೌಕ ಕಂಸದೊಳಗೆ ಇಡು. ಪೂರ್ತಿ ಹೋಗಿದ್ದರೆ ಜಾಗ ಅಳೆದು, ಎಷ್ಟು ಅಕ್ಷರ ಹಿಡಿಸಬಹುದೋ ಅಷ್ಟು ಚುಕ್ಕಿ ಇಡು. ಚುಕ್ಕಿ ಇಡಲು ನಾಚಿಕೆಪಡುವವನು ಶಾಸನ ಮುಟ್ಟಬಾರದು ಎಂದು ನಮಗೆ ಕಲಿಸಿದವರು ಬೈದು ಬೈದು ಹೇಳುತ್ತಿದ್ದರು.

ನನ್ನ ವಿದ್ಯಾರ್ಥಿನಿಗೆ ಫೋಟೋ ತೆಗೆಯುವ ಪಾಠ ಮಾಡಿದೆ. ಕಲ್ಲಿಗೆ ನೀರು ಹಾಕಿ ಮೆತ್ತನೆಯ ಬ್ರಷ್ಷಿನಲ್ಲಿ ತೊಳೆಯಬೇಕು. ಪೇಂಟನ್ನು ಕೆರೆಯಬಾರದು, ಅಕ್ಷರವೇ ಕಿತ್ತು ಬರುತ್ತದೆ. ಸೀಮೆಸುಣ್ಣ ತೀಡಬಾರದು. ಬೆಳಕು ಎದುರಿನಿಂದ ಬೀಳಬಾರದು, ಪಕ್ಕದಿಂದ ಓರೆಯಾಗಿ ಬೀಳಬೇಕು. ಆಗ ಕೊರೆದ ಗೆರೆಯೊಳಗೆ ನೆರಳು ತುಂಬಿ, ಪೇಂಟು ಇರಲಿ ಬಿಡಲಿ, ಅಕ್ಷರ ಎದ್ದು ಕಾಣುತ್ತದೆ. ಫೋಟೋವನ್ನು ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸಿ ಮಸುಕು ಮಾಡುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು.

"ಬೆಳಿಗ್ಗೆ ಸಂಜೆ ಹಾಲು ಹಾಕಿಸ್ಕೊಳ್ಳೋ ಟೈಮು, ಮಿಸ್. ಓರೆ ಬಿಸಿಲಿಗೆ ನಾನು ಸಿಗಲ್ಲ," ಎಂದಳು ಅವಳು.

"ಹಾಗಾದರೆ ಮಧ್ಯಾಹ್ನವೇ ಕತ್ತಲೆ ಮಾಡಿಕೊಳ್ಳಿ. ಕಲ್ಲಿನ ಮೇಲೆ ಕಂಬಳಿ ಮುಚ್ಚಿ, ಒಳಗೆ ಕೂತು, ಪಕ್ಕದಿಂದ ಟಾರ್ಚು ಹಿಡಿ."

ಮಾರನೆಯ ದಿನ ಊಟದ ಹೊತ್ತಿಗೆ ಫೋನು ಬಂತು. ಅವಳು ಕಂಬಳಿಯೊಳಗೆ ಕೂತಿದ್ದಳು. ಹೊರಗೆ ಗೌಡರು ಕಂಬಳಿಯ ತುದಿ ಹಿಡಿದು ನಿಂತಿದ್ದರು. ಗದ್ದೆಗೆ ಹೋಗುವವರು ಯಾರೋ ನಿಂತು ಕೇಳುವುದು ನನಗೂ ಕೇಳಿಸಿತು.

"ಏನ್ ಗೌಡ್ರೆ, ಕಲ್ಗೆ ಚಳಿಯಾ?"

"ಒಳ್ಗೆ ನಮ್ ಸೊಸೆ ಅವ್ಳೆ ಕಣ್ಲಾ!"

"ಅಯ್ಯೋ, ಏನಾಯ್ತು?"

"ಓದ್ತಾವ್ಳೆ, ಓಗ್ಲಾ ಅತ್ಲಾಗೆ!"

ಕಂಬಳಿಯೊಳಗೆ ಅವಳು ನಗುತ್ತಿದ್ದಳು, ಇಲ್ಲಿ ನಾನು ತುತ್ತು ಬಿಟ್ಟು ನಗುತ್ತಿದ್ದೆ. ಆ ನಗುವಿನಲ್ಲಿ ಮೊದಲ ಕೆಲವು ಫೋಟೋ ಅಲುಗಾಡಿ ಹಾಳಾದವು. ಟಾರ್ಚನ್ನು ಎಡದಿಂದ ಹಿಡಿಸಿ, ಬಲದಿಂದ ಹಿಡಿಸಿ, ಮೇಲಿನಿಂದ ಹಿಡಿಸಿ, ಒಂದೊಂದು ಸಾಲಿಗೂ ತುಣುಕು ತುಣುಕಾಗಿ ತೆಗೆಸಿದೆ.

ಅವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ಕೂತೆ. ಲಿಪಿ ನೋಡಿದರೆ ಸುಮಾರು ಸಾವಿರ ವರ್ಷದ್ದು. ದುಂಡು ದುಂಡು ಅಕ್ಷರ, ಬರೆದವನ ಕೈ ಚೆನ್ನಾಗಿತ್ತು. ಮೇಷ್ಟರು ಬಿಟ್ಟ ಜಾಗಗಳ ಗುಟ್ಟು ಬೇಗ ತಿಳಿಯಿತು. ಈಗ ಬಳಕೆಯಲ್ಲಿಲ್ಲದ ಎರಡು ಅಕ್ಷರಗಳು, ಒರಟು ರ ಆದ 'ಱ', ಒರಟು ಳ ಆದ 'ೞ', ಅವರ ಪಟ್ಟಿಯಲ್ಲಿ ಇರಲಿಲ್ಲವೋ ಏನೋ. ಅವು ಬಂದ ಪದಗಳನ್ನೆಲ್ಲ ಹಾರಿಸಿದ್ದರು. ಹಾರಿಸಿದ ಒಂದು ಪದ 'ತುಱು'. ತುರು ಎಂದರೆ ದನ. ಎರಡು ಸಲ ಬಂದಿತ್ತು. ಇನ್ನೊಂದು 'ಮಗುೞ್ಚಿ', ಹಿಂದಿರುಗಿಸಿ ಎಂದು. ದನವನ್ನೇ ಬಿಟ್ಟ ಮೇಲೆ ಕಥೆಯಲ್ಲಿ ಕಳ್ಳನಲ್ಲದೆ ಇನ್ನು ಯಾರು ಉಳಿಯುತ್ತಾರೆ?

ಮುಖ್ಯವಾದದ್ದು ಮೂರನೆಯ ಸಾಲು. 'ಕಳ್ಳ' ಎಂಬುದು ಕಲ್ಲಿನಲ್ಲಿ ಇರುವುದು ನಿಜ. ಅದರ ಮುಂದೆ ಬೆರಳು ಇಟ್ಟರೆ ಕೂರುವಂಥ ನುಣುಪಾದ ಒಂದು ಗುಳಿ. ಗುಳಿಯ ಆಚೆ, ಯಾರೂ ಬಣ್ಣ ಬಳಿಯದ 'ಳ್' ತಣ್ಣಗೆ ಕೂತಿತ್ತು. ಬಲಗಡೆಯಿಂದ ಬೆಳಕು ಬಿದ್ದ ಫೋಟೋದಲ್ಲಿ ಗುಳಿಯ ಮೇಲಂಚಿನಲ್ಲಿ ಒಕಾರದ ಕೊಂಬಿನ ತುದಿ ಕಂಡಿತು, ಕೆಳಗೆ ಎಡಕ್ಕೆ ದುಂಡಗಿನ ಗೆರೆಯ ಚೂರು. 'ರೊ'. ಅಂದರೆ 'ಕಳ್ಳರೊಳ್', ಕಳ್ಳರೊಡನೆ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಮಂಡಿ ನೋವು ಆಮೇಲೆ ನೆನಪಾಯಿತು. ಕಾಗದದ ಮೇಲೆ ಹೀಗೆ ಬರೆದೆ:

ಸ್ವಸ್ತಿ ಶ್ರೀ . . . .
. . ಗಾವುಣ್ಡನ ಮಗಂ . . . .
ತುಱುಗೊಣ್ಡ ಕಳ್ಳ[ರೊ]ಳ್ ಕಾ
ದಿ ತುಱುವಂ ಮಗುೞ್ಚಿ
ಸತ್ತಂ

ಕೆಳಗೆ ಹೊಸಗನ್ನಡದಲ್ಲಿ: 'ಒಳಿತಾಗಲಿ. (ಅಕ್ಷರಗಳು ಹೋಗಿವೆ) ಗಾವುಂಡನ ಮಗ . . . . (ಸುಮಾರು ನಾಲ್ಕು ಅಕ್ಷರ ಸವೆದಿವೆ, ಹೆಸರಿರಬೇಕು) ದನಗಳನ್ನು ಹಿಡಿದೊಯ್ದ ಕಳ್ಳರೊಡನೆ ಹೋರಾಡಿ, ದನಗಳನ್ನು ಹಿಂದಕ್ಕೆ ತಂದು ಸತ್ತನು.'

ಗೌಡರಿಗೆ ಫೋನಿನಲ್ಲಿ ಓದಿ ಹೇಳಿದೆ. ಎರಡು ಸಲ ಓದಿಸಿದರು. ಮೂರನೆಯ ಸಲ ಸೊಸೆಯನ್ನು ಕರೆದು ಅವಳ ಎದುರಿಗೆ ಓದಿಸಿದರು. "ಕಳ್ಳ ಅಲ್ಲ! ಕಳ್ರನ್ನ ಅಟ್ಸ್ಕೊಂಡೋದೋನು!" ಎಂದು ಅವರು ಕೂಗಿದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ನನಗೆ ಅಷ್ಟು ಖುಷಿಯಾದದ್ದು ಈಚಿನ ವರ್ಷಗಳಲ್ಲಿ ನೆನಪಿಲ್ಲ.

"ಆ ರೊ ಅನ್ನೋ ಅಕ್ಷರದ ಸುತ್ತ ಯಾಕೆ ಬೇಲಿ ಹಾಕಿದ್ದೀರಿ ಮಿಸ್?" ಎಂದು ಕೇಳಿದಳು, ನಾನು ಕಳಿಸಿದ ಹಾಳೆ ನೋಡುತ್ತಿದ್ದ ಸೊಸೆ.

"ಅದು ಅರ್ಧ ಸವೆದಿದೆ. ಕಷ್ಟಪಟ್ಟರೆ 'ಕಳ್ಳನೊಳ್' ಅಂತ ಇನ್ನೊಬ್ಬರು ಓದಿದರೂ ಓದಬಹುದು. ಕಳ್ಳ ಒಬ್ಬನೋ ಹತ್ತು ಜನರೋ, ನಮ್ಮವನು ಅವರ ಎದುರಿಗೆ ನಿಂತವನು. ಅದರಲ್ಲಿ ಅನುಮಾನ ಇಲ್ಲ."

"ಸರಿ, ಈ ನಾಕು ಚುಕ್ಕಿ?" ಎಂದು ಗೌಡರು ಕೇಳಿದರು.

ಮಾತು ಇಲ್ಲಿಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಎರಡನೆಯ ಸಾಲಿನ ಕೊನೆಯಲ್ಲಿ, ಹೆಸರಿದ್ದ ಜಾಗದಲ್ಲಿ, ಇನ್ನೂ ದೊಡ್ಡ ಗುಳಿ ಇತ್ತು. ಅಲ್ಲಿ ಗೀರೂ ಉಳಿದಿರಲಿಲ್ಲ. ಆ ಗುಳಿ ಹೇಗಾಯಿತು ಎಂದು ಕೇಳಿದೆ.

"ಅದಾ? ಅಲ್ಲಿ ಕುಡ್ಲು ಮಸೀತಿದ್ದೋ. ನಮ್ಮಪ್ಪ ಮಸೀತಿದ್ದ, ನಮ್ ತಾತ ಮಸೀತಿದ್ದ. ಕುಯ್ಲು ಬಂದ್ರೆ ನಮ್ಮಟ್ಟಿ ಆಳೆಲ್ಲ ಅಲ್ಲೇ ಮಸಿಯೋದು. ಚೆನ್ನಾಗ್ ಅರಿತ ಬತ್ತದೆ, ಆ ಕಲ್ಲು." ಹೇಳುತ್ತಾ ಹೇಳುತ್ತಾ ಅವರಿಗೇ ಹೊಳೆಯಿತು. "ಅಯ್ಯಯ್ಯೋ. ಎಸ್ರು ನಮ್ ಕುಡ್ಲೇ ತಿಂದ್ಬುಡ್ತಾ?"

ಹೌದು ಎಂದೆ. ಅವರು ಹೊಸ ಹುರುಪಿನಿಂದ ಶುರುಮಾಡಿದರು. "ನಮ್ ಮುತ್ತಜ್ಜನ ಎಸ್ರು ನಾಕೇ ಅಕ್ಸರ ಕಣ್ರೀ ಮೇಡಮ್ನೋರೆ! ನಮ್ ವಂಶ್ದಲ್ಲಿ ಮೇಲಿಂದ ಅದೇ ಎಸ್ರು ಇಡೋದು. ಸರ್ಯಾಗ್ ಕೂರ್ತದೆ. ಆಕ್ಬುಡಿ."

"ನನ್ನ ಹೆಸರೂ ನಾಲ್ಕೇ ಅಕ್ಷರ ಗೌಡರೇ. ನನ್ನನ್ನೇ ಹಾಕಿಬಿಡಲಾ?"

ಸೊಸೆ ಕಿಸಕ್ಕನೆ ನಕ್ಕಳು. ಗೌಡರು ನಗಲಿಲ್ಲ. ನಾನು ಮೆತ್ತಗೆ ತಿಳಿಸಿ ಹೇಳಿದೆ. ಗಾವುಂಡ ಎಂದರೆ ಆ ಕಾಲದಲ್ಲಿ ಊರಿನ ಮುಖ್ಯಸ್ಥ, ಎಲ್ಲ ಊರಿನಲ್ಲೂ ಇದ್ದ. ಅಪ್ಪನ ಹೆಸರಿನ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿದೆ, ಮಗನ ಹೆಸರು ಕುಡುಗೋಲಿಗೆ ಹೋಗಿದೆ. ಇವನು ನಿಮ್ಮ ಮನೆಯವನೇ ಎಂದು ಕಲ್ಲು ಹೇಳುವುದಿಲ್ಲ. ಅಲ್ಲ ಎಂದೂ ಹೇಳುವುದಿಲ್ಲ.

"ಅಂದ್ರೆ, ಕಳ್ಳ ಆಗಿದ್ರೆ ನಮ್ಮೋನು, ವೀರ ಆದ್ರೆ ಯಾರೋ?" ಎಂದರು ಗೌಡರು. ಆ ದನಿ ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಅಷ್ಟರಲ್ಲಿ ಅವರು ಫೋನು ಇಟ್ಟರು.

ನನ್ನ ಹಾಳೆಯನ್ನು ಸೊಸೆ ಕಮಿಟಿಗೆ ಕೊಟ್ಟಳು. ಒಂದು ವಾರದ ಮೇಲೆ, ಸಂಚಿಕೆ ಅಚ್ಚಾಗುತ್ತಿದ್ದ ನರಸೀಪುರದ ಪ್ರೆಸ್ಸಿನಿಂದ ನನ್ನ ಮೊಬೈಲಿಗೆ ಆ ಪುಟದ ಪ್ರೂಫ್ ಬಂತು. ನೋಡಿದೆ. ಚುಕ್ಕಿ ಇಲ್ಲ. ಕಂಸ ಇಲ್ಲ. ಆವರಣದಲ್ಲಿ ನಾನು ಬರೆದ ಟಿಪ್ಪಣಿ ಇಲ್ಲ. 'ಗಾವುಂಡನ ಮಗ ದನಗಳನ್ನು ಹಿಡಿದೊಯ್ದ' ಎಂದು ಸಾಲು ಸಲೀಸಾಗಿ ಓಡುತ್ತಿತ್ತು. ಅಂದರೆ ದನ ಹಿಡಿದೊಯ್ದವನು ಗಾವುಂಡನ ಮಗನೇ ಎಂದು ಓದಿಕೊಳ್ಳಲು ಅಡ್ಡಿಯೇ ಇರಲಿಲ್ಲ! ಮೇಷ್ಟರು ಮಾಡಿದ ಎಡವಟ್ಟನ್ನೇ ಕಂಪ್ಯೂಟರಿನಲ್ಲಿ ಮತ್ತೆ ಮಾಡಿದ್ದರು. ನಾನು ಸೀರೆ ಬದಲಿಸಿ ಬಸ್‌ಸ್ಟ್ಯಾಂಡಿಗೆ ಹೊರಟೆ. ದಾರಿಯಲ್ಲಿ ಗೌಡರಿಗೆ ಫೋನು ಮಾಡಿದೆ. ಅವರ ಹಳ್ಳಿಯ ಗೇಟಿನಲ್ಲಿ ಅದೇ ಬಸ್ಸು ಹತ್ತಿದರು. ಮುಖಾಮುಖಿ ನೋಡಿದ್ದು ಅದೇ ಮೊದಲು. ಫೋಟೋಗಿಂತ ಸಣ್ಣಗಿದ್ದರು. ಸೀಟು ಖಾಲಿ ಇದ್ದರೂ ಪಕ್ಕದಲ್ಲಿ ನಿಂತೇ ಬಂದರು.

ಪ್ರೆಸ್ಸಿನಲ್ಲಿ ಟೈಪು ಮಾಡುವಾತ ನನ್ನ ಬೈಗುಳವನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ. "ಮಿಸ್ಟೇಕ್ ಅನ್ಕೊಂಡೆ ಮೇಡಂ. ಚುಕ್ಕಿ ಚುಕ್ಕಿ ಇದ್ರೆ ಫಾಂಟ್ ಓಪನ್ ಆಗಿಲ್ಲ ಅನ್ಸುತ್ತೆ, ನೋಡೋರು ನಮ್ಮನ್ನೇ ಬೈತಾರೆ," ಎಂದ. ನನಗೆ ಬೈಯಲು ಬಂದ ಮಾತು ನಗುವಾಗಿ ಹೋಯಿತು. ಕಂಸ ವಾಪಸು ಬಂತು, ಟಿಪ್ಪಣಿ ವಾಪಸು ಬಂತು. ಹೆಸರಿನ ಜಾಗಕ್ಕೆ ಬಂದಾಗ ಆತ ಕೀಬೋರ್ಡಿನ ಮೇಲೆ ಕೈ ನಿಲ್ಲಿಸಿ ಗೌಡರ ಕಡೆ ತಿರುಗಿದ.

"ಯಜಮಾನ್ರೆ, ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ. ನಿಮ್ಮ ಹಿರಿಯರ ಹೆಸರು ಯಾವುದಾದ್ರೂ ಹೇಳಿ, ಹಾಕ್ಬಿಡ್ತೀನಿ. ಯಾರು ಕಲ್ಲು ತಿರುಗಿಸಿ ನೋಡ್ತಾರೆ?"

ನನ್ನ ಮೈಯೆಲ್ಲ ಉರಿಯಿತು. ಆದರೆ ಗೌಡರ ಮುಖ ನೋಡಿ ಸುಮ್ಮನಾದೆ. ಅವರಿಗೆ ಎಷ್ಟು ಆಸೆ ಇದೆಯೆಂದು ಕಾಣುತ್ತಿತ್ತು. ಮೊಮ್ಮಗಳು ಆ ಪುಟವನ್ನು ಶಾಲೆಗೆ ಒಯ್ದು ತೋರಿಸುವುದು, ಕಳ್ಳನ ಮನೆ ಎಂದವರೇ ವೀರನ ಮನೆ ಎನ್ನುವುದು, ಎಲ್ಲಕ್ಕೂ ಬೇಕಾದದ್ದು ನಾಲ್ಕು ಅಕ್ಷರ.

"ಪುಸ್ತಕ ನಿಮ್ಮೂರಿನದು ಗೌಡರೇ," ಎಂದೆ. "ಹೆಸರು ಹಾಕಿಸುವುದಾದರೆ ಓದಿದವರು ಅಂತ ಇರುವ ನನ್ನ ಹೆಸರು ತೆಗೆಸಿಬಿಡಿ. ನನಗೆ ನಿಮ್ಮ ಮೇಲೆ ಬೇಜಾರೇನೂ ಇಲ್ಲ."

ಗೌಡರು ಶಾಲಿನ ತುದಿಯಿಂದ ಮುಖ ಒರೆಸಿಕೊಂಡರು. ಪರದೆಯ ಮೇಲೆ ಆ ಖಾಲಿ ಜಾಗದಲ್ಲಿ ಕಡ್ಡಿಯೊಂದು ಮಿನುಗುತ್ತಿತ್ತು.

"ಬ್ಯಾಡ," ಎಂದರು. "ಆ ಮೇಷ್ಟ್ರು ಚುಕ್ಕಿ ಇಡ್ದೆ ನಮ್ಮನ್ನ ಸುಮ್ಸುಮ್ನೆ ಕಳ್ರು ಮಾಡುದ್ರು. ಈಗ ಇನ್ಯಾರ್ದೋ ಜಾಗ್ದಲ್ಲಿ ನಮ್ಮಜ್ಜನ್ನ ಕೂರ್ಸುದ್ರೆ ದಿಟ್ವಾಗ್ಲೂ ಕಳ್ರಾಗ್ತೀವಿ ಕಣಪ್ಪ. ಚುಕ್ಕಿ ಇಡು."

ಆತ ಇಟ್ಟ. ನನ್ನ ಕಣ್ಣು ತುಂಬಿ ಪರದೆ ಮಂಜಾಯಿತು. ಗೌಡರು ಕನ್ನಡಕ ಹಾಕಿಕೊಂಡು, ಪರದೆಗೆ ಬೆರಳು ತಾಗಿಸಿ ಒಂದೊಂದಾಗಿ ಎಣಿಸಿದರು. "ಮೂರೇ ಅವೆ," ಎಂದರು. "ಇನ್ನೊಂದು ಆಕಪ್ಪ."